ದಿನದ ಓಡಾಟಕ್ಕೆ ಎಷ್ಟು, ದೂರದ ದಾರಿಗೆ ಎಷ್ಟು? ಎಲೆಕ್ಟ್ರಿಕ್ ಕಾರಿನ ಚಾರ್ಜ್ ಮಿತಿ

ಪ್ರಶ್ನೆ: ನನ್ನ ಎಲೆಕ್ಟ್ರಿಕ್ ಕಾರಿನ ಬ್ಯಾಟರಿ 60 ಯೂನಿಟ್‌ದು, ಎನ್‌ಎಂಸಿ ಜಾತಿ. ದಿನಕ್ಕೆ ಸುಮಾರು 45 ಕಿಲೋಮೀಟರ್ ಓಡಿಸ್ತೀನಿ. ಮನೆಯಲ್ಲಿ 7 ಕಿಲೋವ್ಯಾಟ್ ಚಾರ್ಜರ್ ಇದೆ, ಚಾರ್ಜ್ ಮಿತಿ ಶೇಕಡಾ 80ಕ್ಕೆ ಇಟ್ಟಿದೀನಿ. ಮುಂದಿನ ವಾರ ಒಂದೇ ದಿನದಲ್ಲಿ 420 ಕಿಲೋಮೀಟರ್ ಹೋಗಬೇಕು. 100ಕ್ಕೆ ತುಂಬಿಸಿದರೆ ಬ್ಯಾಟರಿ ಹಾಳಾಗುತ್ತೆ ಅಂತ ಒಬ್ಬ ಗೆಳೆಯ ಹೆದರಿಸ್ತಾನೆ. ಇನ್ನೊಬ್ಬ ದಿನಾ 60 ಸಾಕು ಅಂತಾನೆ. ಯಾರ ಮಾತು ಕೇಳಲಿ?

ಉತ್ತರ: ಪ್ರಯಾಣದ ದಿನ 100ಕ್ಕೆ ತುಂಬಿಸಿ, ಹೆದರಬೇಡಿ. ಆದರೆ ತುಂಬಿದ ಮೇಲೆ ಕಾರು ಗಂಟೆಗಟ್ಟಲೆ ನಿಂತಿರಬಾರದು. ಹೊರಡುವ ಹೊತ್ತಿಗೆ ಸರಿಯಾಗಿ ತುಂಬಿರಬೇಕು. ದಿನದ ಓಡಾಟಕ್ಕೆ 60 ಅನ್ನುವ ಗೆಳೆಯರ ಮಾತೂ ತಪ್ಪಲ್ಲ, ಆದರೆ ಅದರಿಂದ ನಿಮಗೆ ಸಿಗುವ ಲಾಭ ಅವರು ಅಂದುಕೊಂಡಷ್ಟು ದೊಡ್ಡದಲ್ಲ.

ಮೊದಲು 100 ಅಂದರೆ ಬ್ಯಾಟರಿಗೆ ಯಾಕೆ ಆಗಿಬರುವುದಿಲ್ಲ ಅನ್ನುವುದನ್ನು ನೋಡೋಣ. ಅದು ತಿಳಿದರೆ ಉಳಿದ ಲೆಕ್ಕವನ್ನು ನೀವೇ ಹಾಕಿಕೊಳ್ಳಬಹುದು.

ಬ್ಯಾಟರಿಯ ಒಂದೊಂದು ಸೆಲ್‌ನಲ್ಲೂ ಎರಡು ಬದಿ ಇರುತ್ತದೆ. ಒಂದು ಬದಿ ಗ್ರಾಫೈಟ್, ಇನ್ನೊಂದು ಬದಿ ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಸೇರಿದ ಆಕ್ಸೈಡ್, ಎನ್‌ಎಂಸಿ ಅನ್ನುವ ಹೆಸರು ಬಂದಿದ್ದು ಈ ಮೂರರ ಮೊದಲಕ್ಷರಗಳಿಂದಲೇ. ಚಾರ್ಜ್ ಮಾಡುವಾಗ ಲಿಥಿಯಂ ಆಕ್ಸೈಡ್ ಬದಿಯಿಂದ ಹೊರಟು ಗ್ರಾಫೈಟ್ ಒಳಗೆ ಹೋಗಿ ಕೂರುತ್ತದೆ. ಗ್ರಾಫೈಟ್‌ನ ಮೈಮೇಲೆ ಒಂದು ತೆಳುವಾದ ಪದರ ಇರುತ್ತದೆ. ಮಧ್ಯದಲ್ಲಿರುವ ದ್ರವ ಗ್ರಾಫೈಟ್ ಜೊತೆ ಸೇರಿ ಮೊದಲ ಕೆಲವು ಚಾರ್ಜ್‌ಗಳಲ್ಲೇ ಕಟ್ಟಿಕೊಳ್ಳುವ ಪದರ ಅದು. ಅದಿಲ್ಲದೆ ಬ್ಯಾಟರಿ ಕೆಲಸವನ್ನೇ ಮಾಡದು. ತೊಂದರೆ ಏನೆಂದರೆ ಆ ಪದರ ಅಷ್ಟಕ್ಕೇ ನಿಲ್ಲುವುದಿಲ್ಲ. ನಿಧಾನವಾಗಿ ದಪ್ಪ ಆಗುತ್ತಲೇ ಇರುತ್ತದೆ, ಆಗುವಾಗ ಸ್ವಲ್ಪ ಸ್ವಲ್ಪ ಲಿಥಿಯಂ ನುಂಗುತ್ತದೆ. ನುಂಗಿದ ಲಿಥಿಯಂ ಮತ್ತೆ ಓಡಾಟಕ್ಕೆ ಸಿಗುವುದಿಲ್ಲ. ಕಾರಿನ ರೇಂಜ್ ವರ್ಷದಿಂದ ವರ್ಷಕ್ಕೆ ಕಡಿಮೆ ಆಗುವುದಕ್ಕೆ ದೊಡ್ಡ ಕಾರಣ ಇದೇ.

ಈ ಪದರ ಎಷ್ಟು ಬೇಗ ಬೆಳೆಯುತ್ತದೆ ಅನ್ನುವುದು ಮುಖ್ಯವಾಗಿ ಎರಡು ವಿಷಯಗಳ ಮೇಲೆ ನಿಂತಿದೆ. ಗ್ರಾಫೈಟ್ ಎಷ್ಟು ತುಂಬಿದೆ ಅನ್ನುವುದು ಒಂದು, ಸೆಲ್ ಎಷ್ಟು ಬಿಸಿ ಇದೆ ಅನ್ನುವುದು ಇನ್ನೊಂದು. ಜಾಸ್ತಿ ತುಂಬಿದ್ದರೆ ಜಾಸ್ತಿ ಬೆಳೆಯುತ್ತದೆ, ಬಿಸಿ ಇದ್ದರೆ ಇನ್ನೂ ಜಾಸ್ತಿ. ಇಂಥ ರಾಸಾಯನಿಕ ಕ್ರಿಯೆಗಳ ವೇಗ 10 ಡಿಗ್ರಿ ಬಿಸಿ ಏರಿದರೆ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತದೆ ಅನ್ನುವುದು ಒಂದು ಒರಟು ಲೆಕ್ಕ. ಇನ್ನು ಆಕ್ಸೈಡ್ ಬದಿಗೂ ತುಂಬಿದ ಸ್ಥಿತಿ ಹಿಡಿಸುವುದಿಲ್ಲ. ಎನ್‌ಎಂಸಿ ಸೆಲ್ ಪೂರ್ತಿ ತುಂಬಿದಾಗ ಸುಮಾರು 4.2 ವೋಲ್ಟ್ ಮುಟ್ಟುತ್ತದೆ. 80ರಲ್ಲಿ ಅದು 4 ವೋಲ್ಟ್‌ನ ಆಸುಪಾಸು ಇರುತ್ತದೆ. ಕೇಳುವುದಕ್ಕೆ ಸಣ್ಣ ವ್ಯತ್ಯಾಸ, ಆದರೆ ಮೇಲಿನ ಆ ಕೊನೆಯ ಭಾಗದಲ್ಲೇ ದ್ರವ ಕೆಡುವುದು ಚುರುಕಾಗುತ್ತದೆ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಈ ಎರಡೂ ಕ್ರಿಯೆಗಳು ಹೊತ್ತು ಕಳೆದಂತೆ ನಡೆಯುವಂಥವು. 100 ಮುಟ್ಟಿದ ಕ್ಷಣದಲ್ಲಿ ಏನೂ ಒಡೆದುಹೋಗುವುದಿಲ್ಲ. 100ರಲ್ಲಿ ನಿಂತಷ್ಟು ಹೊತ್ತು ಸವೆತ ಸ್ವಲ್ಪ ಜೋರಾಗಿರುತ್ತದೆ, ಅಷ್ಟೆ. ಹಾಗಾಗಿ ‘ಎಷ್ಟು ಸಲ 100 ಮಾಡಿದೆ’ ಅಂತ ಎಣಿಸುವುದು ಸುಮ್ನೆ ತಲೆನೋವು. ‘ಎಷ್ಟು ಗಂಟೆ 100ರ ಹತ್ತಿರ ಇಟ್ಟಿದ್ದೆ’ ಅಂತ ಕೇಳಿಕೊಳ್ಳಿ.

ನಿಮ್ಮ ಕಾರಿಗೇ ಇದನ್ನು ಹಚ್ಚಿ ನೋಡೋಣ. ಊರೊಳಗಿನ ನಿಧಾನದ ಓಡಾಟದಲ್ಲಿ ಕಿಲೋಮೀಟರ್‌ಗೆ 150 ವ್ಯಾಟ್ ಅವರ್ ಖರ್ಚು ಅಂತ ಹಿಡಿದರೆ, 45 ಕಿಲೋಮೀಟರ್‌ಗೆ ಸುಮಾರು 6.8 ಯೂನಿಟ್ ಬೇಕು. ಅಂದರೆ ಬ್ಯಾಟರಿಯ ಶೇಕಡಾ 11 ಮಾತ್ರ. ನೀವು ದಿನಾ ರಾತ್ರಿ 100ಕ್ಕೆ ತುಂಬಿಸುವವರಾಗಿದ್ದರೆ ಕಾರು ಬೆಳಿಗ್ಗೆ 100ರಲ್ಲಿ, ಸಂಜೆ 89ರಲ್ಲಿ ಇರುತ್ತಿತ್ತು. ವರ್ಷವಿಡೀ ಅದು 89ರ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಇದು ನಿಜವಾಗಿ ಬ್ಯಾಟರಿಯನ್ನು ಸವೆಸುವ ರೂಢಿ. ಕಡಿಮೆ ಓಡಿಸುವವರೇ ಈ ಬಲೆಗೆ ಜಾಸ್ತಿ ಬೀಳುತ್ತಾರೆ ಅನ್ನುವುದು ವಿಚಿತ್ರ, ಅಲ್ವಾ? ಓಡಿಸಿದ್ದು ಕಡಿಮೆ, ಆದರೆ ತುಂಬಿ ನಿಂತಿದ್ದು ಜಾಸ್ತಿ.

ಈಗ ನಿಮ್ಮ ರೂಢಿ ನೋಡಿ. 80ಕ್ಕೆ ತುಂಬಿಸುತ್ತೀರಿ, ಸಂಜೆ 69 ಆಗಿರುತ್ತದೆ. ಇದರ ಮಧ್ಯೆ ತಿಂಗಳಿಗೆ ಎರಡು ಸಲ ದೂರ ಹೋಗುವುದಿದೆ, ಎರಡೂ ಸಲ ಹೊರಡುವ ಮುಂಚೆ 100ರ ಹತ್ತಿರ ಮೂರು ಮೂರು ಗಂಟೆ ಇತ್ತು ಅಂತ ಇಟ್ಟುಕೊಳ್ಳಿ. ತಿಂಗಳ 720 ಗಂಟೆಯಲ್ಲಿ ಅದು ಬರೀ 6 ಗಂಟೆ. ನೂರರಲ್ಲಿ ಒಂದು ಪಾಲೂ ಆಗಲಿಲ್ಲ. ಹೆದರಿಸಿದ ಗೆಳೆಯರಿಗೆ ಈ ಲೆಕ್ಕ ತೋರಿಸಿ.

ಇನ್ನು 60 ಅನ್ನುವವರ ಮಾತು. ಮಿತಿ ಇಳಿಸಿದಷ್ಟೂ ನಿಂತ ಹೊತ್ತಿನ ಸವೆತ ಕಡಿಮೆ ಆಗುವುದು ನಿಜ. 100ರಿಂದ 80ಕ್ಕೆ ಇಳಿಸಿದಾಗ ದೊಡ್ಡ ಭಾಗದ ಲಾಭ ಬಂದುಬಿಡುತ್ತದೆ. 80ರಿಂದ 60ಕ್ಕೆ ಇಳಿಸಿದರೆ ಇನ್ನೂ ಸ್ವಲ್ಪ ಸಿಗುತ್ತದೆ. ಬಿಸಿಲು ನಾಡಿನಲ್ಲಿ, ನೆರಳಿಲ್ಲದ ಕಡೆ ಕಾರು ನಿಲ್ಲಿಸುವವರಿಗೆ ಆ ಸ್ವಲ್ಪವೂ ಲೆಕ್ಕಕ್ಕೆ ಬರುತ್ತದೆ. ತಂಪಾದ ಗ್ಯಾರೇಜ್ ಇರುವವರಿಗೆ ಅಷ್ಟಾಗಿ ಗೊತ್ತೇ ಆಗದು. ಅದಕ್ಕೆ ಬದಲಾಗಿ ನೀವು ಕೊಡುವುದು ಸುಮಾರು 80 ಕಿಲೋಮೀಟರ್ ರೇಂಜ್. ರಾತ್ರಿ ಹಠಾತ್ತಾಗಿ ಎಲ್ಲಿಗೋ ಹೋಗಬೇಕಾಗಿ ಬಂದರೆ ಅದು ಕೈಯಲ್ಲಿರುವುದಿಲ್ಲ. ಮನೆಯಲ್ಲೇ ಚಾರ್ಜರ್ ಇದ್ದು, ದಿನಕ್ಕೆ 11 ಪಾಲು ಮಾತ್ರ ಖರ್ಚಾಗುವ ನಿಮಗೆ ನಾನು 70 ಹೇಳುತ್ತೇನೆ. ಸಂಜೆ 59ಕ್ಕೆ ಬಂದು ನಿಲ್ಲುತ್ತದೆ, ಕೈಯಲ್ಲಿ ಇನ್ನೂ 200 ಕಿಲೋಮೀಟರ್‌ಗಿಂತ ಜಾಸ್ತಿ ಇರುತ್ತದೆ. ಮನೆಯಲ್ಲಿ ಆಗಾಗ ತುರ್ತು ಓಡಾಟ ಬರುವಂತಿದ್ದರೆ 80ರಲ್ಲೇ ಬಿಡಿ. ಇದರ ಮೇಲೆ ಜಗಳ ಆಡುವಷ್ಟು ದೊಡ್ಡ ವಿಷಯ ಇಲ್ಲ.

ದಿನಾ ಪ್ಲಗ್ ಹಾಕಬೇಕೋ, ಇಳಿಯಲಿ ಅಂತ ಬಿಟ್ಟು ವಾರಕ್ಕೊಮ್ಮೆ ಹಾಕಬೇಕೋ ಅಂತ ಕೆಲವರು ಕೇಳುತ್ತಾರೆ. ಪೂರ್ತಿ ಖಾಲಿ ಮಾಡಿ ತುಂಬಿಸಬೇಕು ಅನ್ನುವುದು ಹಳೆಯ ನಿಕ್ಕಲ್ ಬ್ಯಾಟರಿಗಳ ಕಾಲದ ಮಾತು. ಲಿಥಿಯಂ ಸೆಲ್‌ಗೆ ಸಣ್ಣ ಸಣ್ಣ ಏರಿಳಿತವೇ ಹಿತ. ಮಿತಿಯನ್ನು ತಗ್ಗಿಸಿ ದಿನಾ ಪ್ಲಗ್ ಹಾಕುವುದು ಸುಲಭದ ದಾರಿ.

ಈಗ ನಿಮ್ಮ 420 ಕಿಲೋಮೀಟರ್‌ಗೆ ಬರೋಣ. ಇದರಲ್ಲೇ ಈ ವಿಷಯದ ಸ್ವಾರಸ್ಯ ಇರುವುದು.

ಹೆದ್ದಾರಿಯಲ್ಲಿ ಖರ್ಚು ಏರುತ್ತದೆ. ವೇಗ ಹೆಚ್ಚಿದಂತೆ ಗಾಳಿಯ ತಡೆ ಬೆಳೆಯುವುದರಿಂದ ಕಿಲೋಮೀಟರ್‌ಗೆ 180 ವ್ಯಾಟ್ ಅವರ್ ಹಿಡಿಯೋಣ. 420 ಕಿಲೋಮೀಟರ್‌ಗೆ ಬೇಕಾಗುವುದು 75.6 ಯೂನಿಟ್. ತಲುಪಿದಾಗ ಶೇಕಡಾ 10 ಉಳಿದಿರಲಿ, ಅದು 6 ಯೂನಿಟ್. ಒಟ್ಟು 81.6. 100ಕ್ಕೆ ತುಂಬಿ ಹೊರಟರೆ ಕೈಯಲ್ಲಿ 60 ಇರುತ್ತದೆ, ದಾರಿಯಲ್ಲಿ 21.6 ತುಂಬಿಕೊಳ್ಳಬೇಕು. 80ರಲ್ಲಿ ಹೊರಟರೆ 48 ಇರುತ್ತದೆ, ದಾರಿಯಲ್ಲಿ 33.6 ಬೇಕು. ಫಾಸ್ಟ್ ಚಾರ್ಜರ್ ಸರಾಸರಿ 70 ಕಿಲೋವ್ಯಾಟ್ ಕೊಟ್ಟರೆ ಮೊದಲನೆಯದಕ್ಕೆ 19 ನಿಮಿಷ, ಎರಡನೆಯದಕ್ಕೆ 29 ನಿಮಿಷ. ಎರಡರಲ್ಲೂ ನಿಲ್ಲುವುದು ಒಂದೇ ಸಲ.

ಹತ್ತು ನಿಮಿಷಕ್ಕಾಗಿ ಇಷ್ಟೆಲ್ಲ ಯಾಕೆ ಅಂತ ಅನ್ನಿಸಬಹುದು. ಹತ್ತು ನಿಮಿಷ ಮಾತ್ರ ಆಗಿದ್ದರೆ ನಾನೂ 80ರಲ್ಲೇ ಹೊರಡಿ ಅನ್ನುತ್ತಿದ್ದೆ. ನಿಜವಾದ ವ್ಯತ್ಯಾಸ ಇರುವುದು ಎಲ್ಲಿ ನಿಲ್ಲಬಹುದು ಅನ್ನುವುದರಲ್ಲಿ.

ಚಾರ್ಜರ್ ತಲುಪುವಾಗ ಶೇಕಡಾ 15 ಉಳಿದಿರಬೇಕು ಅಂತ ಒಂದು ಕಟ್ಟು ಹಾಕಿಕೊಳ್ಳಿ. ಅಲ್ಲಿ ಸಾಲು ಇದ್ದರೆ ಅಥವಾ ಚಾರ್ಜರ್ ಕೆಟ್ಟಿದ್ದರೆ ಇನ್ನೊಂದಕ್ಕೆ ಹೋಗುವಷ್ಟು ಉಳಿದಿರಬೇಕಲ್ಲ. ಇನ್ನೊಂದು ಕಟ್ಟು ಅಂದರೆ ಫಾಸ್ಟ್ ಚಾರ್ಜರ್‌ನಲ್ಲಿ 80 ದಾಟಿ ಕಾಯಬಾರದು. ಅದರ ಕಾರಣ ಆಮೇಲೆ ಹೇಳುತ್ತೇನೆ. 80ರಿಂದ 10ಕ್ಕೆ ಇಳಿಯುವವರೆಗೆ 42 ಯೂನಿಟ್ ಸಿಗುತ್ತದೆ, ಅಂದರೆ 233 ಕಿಲೋಮೀಟರ್. ಹಾಗಾಗಿ ನೀವು ನಿಲ್ಲುವ ಜಾಗ ಹೊರಟಲ್ಲಿಂದ ಕನಿಷ್ಠ 187 ಕಿಲೋಮೀಟರ್ ಆಚೆ ಇರಬೇಕು. ಅದಕ್ಕಿಂತ ಮುಂಚೆ ನಿಂತರೆ ಒಂದೇ ನಿಲುಗಡೆಯಲ್ಲಿ ಮುಗಿಯುವುದಿಲ್ಲ.

ಇನ್ನೊಂದು ತುದಿ? 80ರಲ್ಲಿ ಹೊರಟರೆ 15ಕ್ಕೆ ಇಳಿಯುವುದು 217ನೇ ಕಿಲೋಮೀಟರ್‌ನಲ್ಲಿ. ಅಂದರೆ 187ರಿಂದ 217, ಬರೀ 30 ಕಿಲೋಮೀಟರ್ ಅಂತರದಲ್ಲಿ ನಿಮಗೆ ಒಳ್ಳೆಯ ಫಾಸ್ಟ್ ಚಾರ್ಜರ್ ಸಿಗಬೇಕು. 100ರಲ್ಲಿ ಹೊರಟರೆ 15ಕ್ಕೆ ಇಳಿಯುವುದು 283ರಲ್ಲಿ. ಆಗ 187ರಿಂದ 283ರವರೆಗೆ, 96 ಕಿಲೋಮೀಟರ್ ಉದ್ದಕ್ಕೂ ಎಲ್ಲಿ ಬೇಕಾದರೂ ನಿಲ್ಲಬಹುದು. ಊಟದ ಹೊತ್ತು ನೋಡಿ ನಿಲ್ಲಬಹುದು. ಮೊದಲ ಜಾಗದಲ್ಲಿ ಸಾಲು ಕಂಡರೆ ಮುಂದಿನದಕ್ಕೆ ಹೋಗಬಹುದು. ಮೇಲಿನ ಆ 20 ಪಾಲು ನಿಮಗೆ ಕೊಡುವುದು ಈ ಸ್ವಾತಂತ್ರ್ಯವನ್ನು.

ಎದುರುಗಾಳಿ, ಮಳೆ, ಚಳಿ ಇದ್ದರೆ ಚಿತ್ರ ಇನ್ನೂ ಬಿಗಿಯಾಗುತ್ತದೆ. ಖರ್ಚು 180ರಿಂದ 210ಕ್ಕೆ ಏರಿತು ಅಂದುಕೊಳ್ಳಿ. ಈಗ 80ರಿಂದ 10ಕ್ಕೆ ಇಳಿಯುವವರೆಗೆ ಸಿಗುವುದು 200 ಕಿಲೋಮೀಟರ್ ಮಾತ್ರ, ಹಾಗಾಗಿ 220ನೇ ಕಿಲೋಮೀಟರ್‌ಗಿಂತ ಮುಂಚೆ ನಿಲ್ಲುವ ಹಾಗಿಲ್ಲ. 100ರಲ್ಲಿ ಹೊರಟವರು 15 ಉಳಿಸಿಕೊಂಡು 243ರವರೆಗೆ ಹೋಗಬಲ್ಲರು. 220ರಿಂದ 243, ಕಷ್ಟಪಟ್ಟು ಒಂದು ಕಿಂಡಿ ಉಳಿಯಿತು. 80ರಲ್ಲಿ ಹೊರಟವರು 186ರಲ್ಲೇ 15ಕ್ಕೆ ಬಂದಿರುತ್ತಾರೆ. ಅವರಿಗೆ ಕಿಂಡಿಯೇ ಇಲ್ಲ, ಎರಡು ಸಲ ನಿಲ್ಲಲೇಬೇಕು. ಅದಕ್ಕೇ ನಾನು 100ಕ್ಕೆ ತುಂಬಿಸಿ ಅಂದಿದ್ದು.

ನಿಮ್ಮ ಕಾರಿನ ನಿಜವಾದ ಹೆದ್ದಾರಿ ಖರ್ಚು ಎಷ್ಟು ಅನ್ನುವುದು ಪರದೆಯ ಮೇಲೆ ಸಿಗುತ್ತದೆ. ಕಂಪನಿ ಹೇಳಿದ ರೇಂಜನ್ನು ಇದಕ್ಕೆ ಬಳಸಬೇಡಿ. ಹಿಂದೆ ಹೆದ್ದಾರಿಗೆ ಹೋದಾಗ 100 ಕಿಲೋಮೀಟರ್‌ಗೆ ಎಷ್ಟು ಯೂನಿಟ್ ಅಂತ ತೋರಿಸಿತ್ತೋ ಅದನ್ನೇ ಹಾಕಿ ಮೇಲಿನ ಲೆಕ್ಕ ಮತ್ತೆ ಮಾಡಿ. ಸಂಖ್ಯೆ ಬದಲಾಗುತ್ತದೆ, ಕ್ರಮ ಇದೇ.

100ಕ್ಕೆ ತುಂಬಿಸುವ ಹೊತ್ತಿನ ಲೆಕ್ಕ ಹೀಗೆ. 80ರಿಂದ 100 ಅಂದರೆ 12 ಯೂನಿಟ್. ಗೋಡೆಯಿಂದ ಎಳೆದಿದ್ದೆಲ್ಲ ಬ್ಯಾಟರಿಗೆ ಹೋಗುವುದಿಲ್ಲ, ಸುಮಾರು ಹತ್ತರಲ್ಲೊಂದು ಪಾಲು ದಾರಿಯಲ್ಲೇ ಹೋಗುತ್ತದೆ. ಹಾಗಾಗಿ 13.3 ಯೂನಿಟ್ ಎಳೆಯಬೇಕು. 7 ಕಿಲೋವ್ಯಾಟ್ ಚಾರ್ಜರ್‌ಗೆ ಎರಡು ಗಂಟೆಗೆ ಸ್ವಲ್ಪ ಕಡಿಮೆ. ಕೊನೆಯಲ್ಲಿ ಸೆಲ್‌ಗಳನ್ನು ಸಮ ಮಾಡಲು ಕಾರು ಇನ್ನಷ್ಟು ನಿಮಿಷ ತೆಗೆದುಕೊಳ್ಳಬಹುದು, ಎರಡೂವರೆ ಗಂಟೆ ಇಟ್ಟುಕೊಳ್ಳಿ. ಬೆಳಿಗ್ಗೆ 5:30ಕ್ಕೆ ಹೊರಡುವುದಾದರೆ ಕೊನೆಯ ಈ ಭಾಗ 3 ಗಂಟೆಗೆ ಶುರುವಾದರೆ ಸಾಕು. ರಾತ್ರಿ 10ಕ್ಕೆ ಪ್ಲಗ್ ಹಾಕಿ ನೇರವಾಗಿ 100 ಅಂತ ಬಿಟ್ಟರೆ ನಡುರಾತ್ರಿ ದಾಟುತ್ತಿದ್ದಂತೆ ತುಂಬಿ, ಬೆಳಗಿನವರೆಗೂ ಸುಮ್ನೆ ನಿಂತಿರುತ್ತದೆ. ಒಂದು ರಾತ್ರಿ ಹಾಗಾದರೆ ಪ್ರಪಂಚ ಮುಳುಗುವುದಿಲ್ಲ. ಆದರೂ ಒಂದು ಬಟನ್ ಒತ್ತಿ ತಪ್ಪಿಸಬಹುದಾದ್ದನ್ನು ತಪ್ಪಿಸಬಾರದೇಕೆ?

ಆ ಬಟನ್ ಅಂದರೆ ಹೊರಡುವ ಸಮಯದ ಟೈಮರ್. ಬಹುತೇಕ ಕಾರುಗಳ ಆ್ಯಪ್‌ನಲ್ಲಿ ಅಥವಾ ಪರದೆಯಲ್ಲಿ ಇದು ಇರುತ್ತದೆ. ಸಮಯ ಹಾಕಿ, ಮಿತಿಯನ್ನು 100ಕ್ಕೆ ಏರಿಸಿ. ಕಾರು ಹಿಂದಕ್ಕೆ ಲೆಕ್ಕ ಹಾಕಿಕೊಂಡು ಯಾವಾಗ ಶುರು ಮಾಡಬೇಕೋ ಆಗ ಮಾಡುತ್ತದೆ. ಪ್ಲಗ್‌ನಲ್ಲಿ ಇರುವಾಗಲೇ ಒಳಗಿನ ಎಸಿಯನ್ನೋ ಹೀಟರನ್ನೋ ಹಚ್ಚಿಸಿದರೆ ಅದರ ಖರ್ಚು ಗೋಡೆಯಿಂದಲೇ ಹೋಗುತ್ತದೆ, ಬ್ಯಾಟರಿಯಿಂದಲ್ಲ. ಕಾರಿನಲ್ಲೂ ಚಾರ್ಜರ್‌ನಲ್ಲೂ ಎರಡು ಕಡೆ ಟೈಮರ್ ಹಾಕಬೇಡಿ. ಒಂದು ಶುರು ಅಂದಾಗ ಇನ್ನೊಂದು ಬೇಡ ಅನ್ನುತ್ತದೆ, ಬೆಳಿಗ್ಗೆ ಎದ್ದು ನೋಡಿದರೆ 69ರಲ್ಲೇ ಇರುತ್ತದೆ. ಮಾಮೂಲಿ ದಿನವೊಂದರಲ್ಲಿ ಟೈಮರನ್ನು ಒಮ್ಮೆ ಪರೀಕ್ಷೆ ಮಾಡಿ ನೋಡಿಕೊಳ್ಳುವುದು ಒಳ್ಳೆಯದು.

ಮಿತಿ ಹಾಕುವ ಸೌಲಭ್ಯವೇ ಇಲ್ಲದ ಕಾರುಗಳೂ ಇವೆ. ಅಂಥವರು ಹೊತ್ತು ನೋಡಿ ಚಾರ್ಜ್ ನಿಲ್ಲಿಸಬೇಕು. 69ರಿಂದ 80ಕ್ಕೆ 6.6 ಯೂನಿಟ್, ಸೋರಿಕೆ ಸೇರಿ 7.3. ಸಾಮಾನ್ಯ ಸಾಕೆಟ್‌ನಿಂದ 3 ಕಿಲೋವ್ಯಾಟ್ ಬರುತ್ತಿದ್ದರೆ ಸುಮಾರು ಎರಡೂವರೆ ಗಂಟೆ. ಚಾರ್ಜರ್‌ನ ಆ್ಯಪ್‌ನಲ್ಲಿ ಯೂನಿಟ್ ಅಥವಾ ಗಂಟೆ ಲೆಕ್ಕದಲ್ಲಿ ಕಡಿತ ಹಾಕುವ ಆಯ್ಕೆ ಇದ್ದರೆ ಕೆಲಸ ಸುಲಭ.

100ರಲ್ಲಿ ಹೊರಟ ಮೊದಲ ಕೆಲವು ಕಿಲೋಮೀಟರ್ ಒಂದು ಬದಲಾವಣೆ ಕಾಣುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಕಾರು ಎಂದಿನಂತೆ ತಾನಾಗಿ ನಿಧಾನ ಆಗುವುದಿಲ್ಲ, ಮುಂದಕ್ಕೆ ಜಾರಿದ ಹಾಗೆ ಅನ್ನಿಸುತ್ತದೆ. ಬ್ರೇಕ್ ಹಾಕುವಾಗ ಬರುವ ಕರೆಂಟನ್ನು ಇಟ್ಟುಕೊಳ್ಳಲು ಬ್ಯಾಟರಿಯಲ್ಲಿ ಜಾಗ ಇರುವುದಿಲ್ಲ, ಅದಕ್ಕೆ ಹಾಗೆ. ಕೆಟ್ಟಿದೆ ಅಂತ ಗಾಬರಿ ಆಗಬೇಡಿ. ಮನೆ ಬೆಟ್ಟದ ಮೇಲಿದ್ದು ಹೊರಟ ಕೂಡಲೇ ಇಳಿಜಾರು ಸಿಗುವುದಾದರೆ 100ರ ಬದಲು 90–95ಕ್ಕೆ ನಿಲ್ಲಿಸಿ. ಇಳಿಯುವಾಗ ಬರುವ ಕರೆಂಟ್ ವ್ಯರ್ಥ ಆಗುವುದಿಲ್ಲ, ಬ್ರೇಕೂ ಬಿಸಿ ಆಗುವುದಿಲ್ಲ.

ದಾರಿಯ ಫಾಸ್ಟ್ ಚಾರ್ಜರ್‌ನಲ್ಲಿ 80 ದಾಟಿ ಯಾಕೆ ಕಾಯಬಾರದು ಅಂದಿದ್ದೆನಲ್ಲ. ಇದಕ್ಕೂ ಮನೆಯ 80ರ ಮಿತಿಗೂ ಕಾರಣ ಬೇರೆ ಬೇರೆ. ಎರಡೂ ಕಡೆ 80 ಅನ್ನುವ ಒಂದೇ ಸಂಖ್ಯೆ ಬರುವುದರಿಂದ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಮನೆಯಲ್ಲಿ 80 ಇಡುವುದು ನಿಂತ ಹೊತ್ತಿನ ಸವೆತಕ್ಕೆ. ದಾರಿಯಲ್ಲಿ 80ಕ್ಕೆ ಹೊರಡುವುದು ನಿಮ್ಮ ಸಮಯಕ್ಕೆ. ತುಂಬಿದ ಗ್ರಾಫೈಟ್ ಒಳಗೆ ಲಿಥಿಯಂ ಬೇಗ ಬೇಗ ನುಗ್ಗಲಾರದು. ಸಂತೆಗೆ ಹೊರಟ ಬಸ್ಸಿನ ಹಾಗೆ, ಸೀಟು ಖಾಲಿ ಇರುವಾಗ ಎಲ್ಲರೂ ಸರಸರ ಹತ್ತುತ್ತಾರೆ, ಕೊನೆಯ ನಾಲ್ಕು ಜನರಿಗೆ ಮಾತ್ರ ಸೀಟು ಹುಡುಕುವುದೇ ಕೆಲಸ. ಒತ್ತಾಯ ಮಾಡಿ ನುಗ್ಗಿಸಿದರೆ ಲಿಥಿಯಂ ಒಳಗೆ ಹೋಗದೆ ಗ್ರಾಫೈಟ್‌ನ ಮೈಮೇಲೆ ಲೋಹವಾಗಿ ಕೂತುಬಿಡುತ್ತದೆ. ಅದು ನಿಜವಾದ ಹಾನಿ. ಅದಾಗದಂತೆ ಕಾರೇ ಕರೆಂಟನ್ನು ಇಳಿಸುತ್ತಾ ಹೋಗುತ್ತದೆ. ಹಾಗಾಗಿ ಕಾಯುವುದರಿಂದ ಬ್ಯಾಟರಿಗೆ ದೊಡ್ಡ ಪೆಟ್ಟೇನಿಲ್ಲ, ನಿಮಗೆ ಮಾತ್ರ ಬೇಸರ. 80ರಿಂದ 100ರವರೆಗೆ ಸರಾಸರಿ 25 ಕಿಲೋವ್ಯಾಟ್ ಬಂತು ಅಂದರೆ ಆ 12 ಯೂನಿಟ್‌ಗೇ ಅರ್ಧ ಗಂಟೆ ಬೇಕು. ಅದೇ ಅರ್ಧ ಗಂಟೆಯಲ್ಲಿ ಕೆಳಗಿನ ಭಾಗದಲ್ಲಿ 35 ಯೂನಿಟ್ ತುಂಬಿರುತ್ತಿತ್ತು. ಹಿಂದೆ ಸಾಲು ಇದ್ದರೆ ಅವರ ಕಣ್ಣೂ ನಿಮ್ಮ ಮೇಲೆಯೇ ಇರುತ್ತದೆ!

ನಿಮ್ಮ ಪ್ರಯಾಣದಲ್ಲಿ 100ರಲ್ಲಿ ಹೊರಟು 283ನೇ ಕಿಲೋಮೀಟರ್‌ನ ಹತ್ತಿರ ನಿಂತರೆ 80ರವರೆಗೂ ತುಂಬಿಸುವ ಅಗತ್ಯವೇ ಇಲ್ಲ. 15ರಲ್ಲಿ ನಿಂತು, ಬೇಕಾದ 21.6 ಯೂನಿಟ್, ಅಂದರೆ 36 ಪಾಲು ತುಂಬಿದರೆ 51. ಮಳೆ ಗಾಳಿಗೆ ಅಂತ 60ರವರೆಗೆ ತುಂಬಿಸಿ ಹೊರಡಿ. ಮುಂದಿನ ಚಾರ್ಜರ್ ಬಹಳ ದೂರ ಇದ್ದಾಗ, ಅಥವಾ ತಲುಪುವ ಊರಿನಲ್ಲಿ ಚಾರ್ಜ್ ಮಾಡುವ ದಾರಿಯೇ ಇಲ್ಲದಾಗ ಮಾತ್ರ 80 ದಾಟಿ ಕಾಯುವುದರಲ್ಲಿ ಅರ್ಥ ಇದೆ.

ನಿಮ್ಮದು ಎನ್‌ಎಂಸಿ ಅಂತ ಹೇಳಿದ್ದು ಒಳ್ಳೆಯದಾಯಿತು. ಇದನ್ನು ಓದುವ ಬೇರೆಯವರ ಕಾರಿನಲ್ಲಿ ಎಲ್‌ಎಫ್‌ಪಿ, ಅಂದರೆ ಕಬ್ಬಿಣ ಮತ್ತು ಫಾಸ್ಫೇಟ್‌ನ ಬ್ಯಾಟರಿ ಇರಬಹುದು. ಅವರು 80ರ ಮಾತನ್ನು ಹಾಗೇ ಎತ್ತಿಕೊಂಡರೆ ಇನ್ನೊಂದು ತೊಂದರೆ ಬರುತ್ತದೆ. ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಅಂತ ಕಾರಿಗೆ ತಿಳಿಯುವುದು ಎರಡು ದಾರಿಯಲ್ಲಿ. ಹೋದ ಬಂದ ಕರೆಂಟನ್ನು ಕೂಡಿ ಕಳೆಯುವುದು ಒಂದು, ವೋಲ್ಟೇಜ್ ನೋಡಿ ಸರಿಪಡಿಸಿಕೊಳ್ಳುವುದು ಇನ್ನೊಂದು. ಎಲ್‌ಎಫ್‌ಪಿ ಸೆಲ್‌ನ ವೋಲ್ಟೇಜ್ ಮಧ್ಯದ ಉದ್ದಕ್ಕೂ 3.2–3.3ರ ಆಸುಪಾಸಿನಲ್ಲೇ ಇರುತ್ತದೆ. 40 ಇದ್ದರೂ 60 ಇದ್ದರೂ ಹೆಚ್ಚುಕಮ್ಮಿ ಒಂದೇ ಮುಖ. ಪೂರ್ತಿ ತುಂಬುವ ಹತ್ತಿರ ಬಂದಾಗ ಮಾತ್ರ ವೋಲ್ಟೇಜ್ ಮೇಲೆದ್ದು ಗುರುತು ಸಿಗುತ್ತದೆ. ವಾರಗಟ್ಟಲೆ 100 ಮುಟ್ಟದಿದ್ದರೆ ಕೂಡಿ ಕಳೆದ ಲೆಕ್ಕದಲ್ಲಿ ಸಣ್ಣ ಸಣ್ಣ ತಪ್ಪು ಸೇರುತ್ತಾ ಹೋಗುತ್ತದೆ. ಪರದೆ 25 ಅಂತ ತೋರಿಸುತ್ತಿದ್ದದ್ದು ಇದ್ದಕ್ಕಿದ್ದಂತೆ 12ಕ್ಕೆ ಬಿದ್ದರೆ ಅದರ ಗುರುತು ಅದೇ. ಅದಕ್ಕೇ ಎಲ್‌ಎಫ್‌ಪಿ ಕಾರು ಮಾಡುವವರು ವಾರಕ್ಕೊಮ್ಮೆ 100ಕ್ಕೆ ತುಂಬಿಸಿ ಅಂತ ಹೇಳುವುದುಂಟು. ಹಾಗಂತ ಎಲ್‌ಎಫ್‌ಪಿಗೆ 100ರಲ್ಲಿ ನಿಲ್ಲುವುದು ಹಿತ ಅಂತಲ್ಲ, ಅದರಲ್ಲೂ ಗ್ರಾಫೈಟ್ ಬದಿ ಇದ್ದೇ ಇದೆ. ವಾರದ ಆ ಒಂದು ದಿನವನ್ನು ಹೊರಡುವ ಮುಂಚಿನ ರಾತ್ರಿಗೆ ಹೊಂದಿಸಿಕೊಂಡರೆ ಎರಡೂ ಆಯಿತು. ಕಾರಿನ ಕೈಪಿಡಿ ಏನು ಹೇಳುತ್ತದೆಯೋ ಅದು ನನ್ನ ಮಾತಿಗಿಂತ ಮೊದಲು.

ನಿಮ್ಮ ಎನ್‌ಎಂಸಿಗೂ ಆಗೊಮ್ಮೆ ಈಗೊಮ್ಮೆ ಲೆಕ್ಕ ತಪ್ಪುವುದುಂಟು, ಆದರೆ ಅಷ್ಟಿಲ್ಲ. ತಿಂಗಳುಗಟ್ಟಲೆ 70 ಮತ್ತು 59ರ ಮಧ್ಯೆಯೇ ಓಡಾಡಿಸಿದ ಮೇಲೆ ರೇಂಜ್ ಕಡಿಮೆ ಆದಂತೆ ಕಂಡರೆ ಬ್ಯಾಟರಿ ಸವೆಯಿತು ಅಂತ ಕೂಡಲೇ ತೀರ್ಮಾನ ಮಾಡಬೇಡಿ. ಒಂದು ದಿನ ಪ್ಲಗ್ ಹಾಕದೆ 20ರ ಹತ್ತಿರ ಇಳಿಯಲು ಬಿಡಿ, ಕೆಲವು ಗಂಟೆ ಸುಮ್ಮನೆ ನಿಲ್ಲಿಸಿ, ಆಮೇಲೆ ಮನೆಯ ಚಾರ್ಜರ್‌ನಲ್ಲೇ 100ರವರೆಗೆ ತುಂಬಿಸಿ ಹೊರಡಿ. ತೋರಿಸುವ ಸಂಖ್ಯೆ ಮೇಲೇರಿದರೆ ತಪ್ಪಿದ್ದು ಕಾರಿನ ಅಂದಾಜು. ಮೇಲೇರದಿದ್ದರೆ ಅದು ನಿಜವಾದ ಸವೆತ ಇರಬಹುದು. ಹೊಸ ಕಾರಿನಲ್ಲಿ ಮೊದಲ ವರ್ಷ ಇಳಿತ ಸ್ವಲ್ಪ ಬೇಗ, ಆಮೇಲೆ ನಿಧಾನ. ಗ್ರಾಫೈಟ್ ಮೇಲಿನ ಪದರ ದಪ್ಪ ಆದಷ್ಟೂ ಅದರ ಬೆಳವಣಿಗೆಗೆ ಅದೇ ಅಡ್ಡ ಬರುತ್ತದೆ.

ಪ್ರಯಾಣ ಕೊನೆ ಗಳಿಗೆಯಲ್ಲಿ ನಿಂತುಹೋಯಿತು, ಕಾರು 100ರಲ್ಲಿದೆ. ಆಗ ಏನು? ಮಿತಿಯನ್ನು ವಾಪಸ್ 70ಕ್ಕೆ ಇಳಿಸಿ, ಎರಡು ಮೂರು ದಿನ ಪ್ಲಗ್ ಹಾಕದೆ ಎಂದಿನಂತೆ ಓಡಿಸಿ. ಮಿತಿ ಇಳಿಸಿದ ಮಾತ್ರಕ್ಕೆ ತುಂಬಿದ್ದು ಖಾಲಿ ಆಗುವುದಿಲ್ಲ, ಅಷ್ಟು ನೆನಪಿರಲಿ. ಎಸಿ ಹಚ್ಚಿ ಬೇಕಂತಲೇ ಕರೆಂಟ್ ಸುಡುವ ಅಗತ್ಯ ಇಲ್ಲ. ನೆರಳಲ್ಲಿ ನಿಲ್ಲಿಸಿದರೆ ಸಾಕು. ಆದರೆ ವಿಮಾನ ಹತ್ತಿ ಎರಡು ಮೂರು ವಾರ ಊರು ಬಿಡುವುದಾದರೆ 100ರಲ್ಲಿ ಬಿಟ್ಟುಹೋಗಬೇಡಿ. 50ರ ಆಸುಪಾಸಿನಲ್ಲಿರಲಿ, ಕಾರು ತನ್ನಷ್ಟಕ್ಕೆ ಎಚ್ಚರ ಇರುವ ಕ್ಯಾಮೆರಾ ಕಾವಲಿನಂಥದ್ದನ್ನು ಆಫ್ ಮಾಡಿ.

ಇನ್ನು ನೀವು ತಲುಪುವ ಜಾಗ. ಅಲ್ಲಿ ಸಾಮಾನ್ಯ ಸಾಕೆಟ್ ಇದೆ, 3 ಕಿಲೋವ್ಯಾಟ್ ಬರುತ್ತದೆ ಅಂದುಕೊಳ್ಳಿ. ಹತ್ತು ಗಂಟೆಯಲ್ಲಿ 30 ಎಳೆದು 27 ಯೂನಿಟ್ ಬ್ಯಾಟರಿಗೆ ಸೇರುತ್ತದೆ, ಅಂದರೆ 45 ಪಾಲು. 10ರಲ್ಲಿ ತಲುಪಿದರೆ ಬೆಳಿಗ್ಗೆ 55. ಒಂದೇ ರಾತ್ರಿ ಇದ್ದು ವಾಪಸ್ ಹೊರಟರೆ ದಾರಿಯಲ್ಲಿ ಎರಡು ಸಲ ನಿಲ್ಲಬೇಕಾಗುತ್ತದೆ. ಎರಡು ರಾತ್ರಿ ಇರುವುದಾದರೆ ಮೊದಲ ರಾತ್ರಿ 55ಕ್ಕೆ ಬಿಡಿ, ಎರಡನೇ ರಾತ್ರಿ ಹೊರಡುವ ಹೊತ್ತಿಗೆ 100 ಆಗುವಂತೆ ಟೈಮರ್ ಹಾಕಿ. ಬೇರೆ ಊರಿನಲ್ಲಿ ಇರುವಾಗ ಕೆಲವು ಕಾರುಗಳು ‘ಮನೆ’ ಅಂತ ಗುರುತಿಟ್ಟ ಜಾಗದ ಟೈಮರನ್ನು ಪಾಲಿಸುವುದಿಲ್ಲ, ಪ್ಲಗ್ ಹಾಕಿದ ಕೂಡಲೇ ಶುರು ಮಾಡುತ್ತವೆ. ಅಲ್ಲಿ ಹೊಸದಾಗಿ ಸಮಯ ಹಾಕಬೇಕಾಗಬಹುದು. ಆ ಸಾಕೆಟ್ ಹಳೆಯದಿದ್ದರೆ ಅರ್ಧ ಗಂಟೆಯ ನಂತರ ಪ್ಲಗ್ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಚಾರ್ಜ್ ನಿಲ್ಲಿಸಿಬಿಡಿ, ಬರೀ ಬೆಚ್ಚಗಿದ್ದರೆ ಕಾರಿನ ಪರದೆಯಲ್ಲಿ ಕರೆಂಟನ್ನು 13ರಿಂದ 8 ಆಂಪ್‌ಗೆ ಇಳಿಸಿ. ಆಗ 55ರ ಬದಲು ಬೆಳಿಗ್ಗೆ 35–40ರ ಹತ್ತಿರ ಇರುತ್ತದೆ, ವಾಪಸ್ ಬರುವ ದಾರಿಯ ಲೆಕ್ಕವನ್ನು ಅಲ್ಲಿಂದಲೇ ಶುರು ಮಾಡಿ.